ನೌಕರಿ ಬಿಡದೆ ಪಿಎಚ್‌.ಡಿ: ಸಂಸ್ಥೆಯ ಪತ್ರ, ವಾಸ್ತವ್ಯದ ಷರತ್ತು ಮತ್ತು ಆರು ವರ್ಷಗಳ ಲೆಕ್ಕ

ನನ್ನ ಮೊದಲ ನಿರಾಕ್ಷೇಪಣಾ ಪತ್ರ ಮೂರೇ ಸಾಲಿನದಾಗಿತ್ತು. "ಸದರಿ ನೌಕರರು ಕಚೇರಿ ವೇಳೆಯ ಹೊರಗೆ, ಕರ್ತವ್ಯಕ್ಕೆ ಯಾವುದೇ ಅಡಚಣೆಯಾಗದಂತೆ ಪಿಎಚ್‌.ಡಿ ವ್ಯಾಸಂಗ ಮಾಡಲು ಸಂಸ್ಥೆಯ ಆಕ್ಷೇಪಣೆ ಇರುವುದಿಲ್ಲ" ಎಂದು ಬರೆದು, ಮೊಹರು ಹಾಕಿ ಕೊಟ್ಟಿದ್ದರು. ಕೈಗೆ ಬಂದಾಗ ಅದಕ್ಕಿಂತ ಒಳ್ಳೆಯ ಪತ್ರ ಇರಲಾರದು ಎನಿಸಿತ್ತು. ವಿಶ್ವವಿದ್ಯಾಲಯದ ಪಿಎಚ್‌.ಡಿ ವಿಭಾಗದ ಗುಮಾಸ್ತರು ಅದನ್ನು ಎರಡು ಸಲ ಓದಿದರು. ಪೆನ್ಸಿಲ್ ತೆಗೆದು "ಕಚೇರಿ ವೇಳೆಯ ಹೊರಗೆ" ಎಂಬ ಮಾತಿನ ಕೆಳಗೆ ಗೆರೆ ಎಳೆದರು. "ನಮ್ಮ ತರಗತಿಗಳು ನಡೆಯುವುದೇ ಕಚೇರಿ ವೇಳೆಯಲ್ಲಿ ಅಲ್ಲವೇ ಸರ್?" ಎಂದು ಪತ್ರವನ್ನು ಹಿಂದಕ್ಕೆ ಕೊಟ್ಟರು.

ಆ ಪೆನ್ಸಿಲ್ ಗೆರೆಯಿಂದ ನಾನು ಕಲಿತದ್ದನ್ನು, ನಂತರದ ಎರಡೂವರೆ ವರ್ಷಗಳಲ್ಲಿ ನನ್ನ ಜೊತೆಯ ಅರೆಕಾಲಿಕ ಸಂಶೋಧಕರಿಂದ ತಿಳಿದದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಅರೆಕಾಲಿಕ ಪಿಎಚ್‌.ಡಿಯಲ್ಲಿ ವಿಷಯ, ಮಾರ್ಗದರ್ಶಕರು, ಪ್ರವೇಶ ಪರೀಕ್ಷೆ ಇವುಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಸಂಸ್ಥೆಯ ಪತ್ರ, ವಾಸ್ತವ್ಯ, ಗರಿಷ್ಠ ಅವಧಿ ಈ ಮೂರನ್ನು ಕಾಗದಪತ್ರದ ಕೆಲಸವೆಂದು ಪಕ್ಕಕ್ಕೆ ಇಡುತ್ತಾರೆ. ನಾನು ಕಂಡಂತೆ ಅರ್ಧದಲ್ಲಿ ನಿಂತವರಲ್ಲಿ ಹೆಚ್ಚಿನವರು ಎಡವಿದ್ದು ಈ ಮೂರರಲ್ಲೇ. ಮೂರೂ ಬೇರೆ ಬೇರೆ ಷರತ್ತುಗಳಲ್ಲ. ಸಂಶೋಧನೆಗೆ ನಿಮಗೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಮೂರು ಕಡೆಯಿಂದ ಕೇಳುತ್ತವೆ.

ಯಾವ ನಿಯಮ ನಿಮಗೆ ಅನ್ವಯಿಸುತ್ತದೆ?

ರಾಜ್ಯ ವಿಶ್ವವಿದ್ಯಾಲಯ, ಕೇಂದ್ರೀಯ ವಿಶ್ವವಿದ್ಯಾಲಯ, ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಯುಜಿಸಿಯ ಪಿಎಚ್‌.ಡಿ ನಿಯಮಾವಳಿಯೇ ಆಧಾರ. ಈಗ ಜಾರಿಯಲ್ಲಿರುವುದು 2022ರ ನವೆಂಬರ್ 7ರಂದು ಅಧಿಸೂಚನೆಗೊಂಡ ನಿಯಮಾವಳಿ. ಅದಕ್ಕಿಂತ ಮೊದಲು ನೋಂದಾಯಿಸಿಕೊಂಡವರಿಗೆ ಅವರವರ ಕಾಲದ, ಅಂದರೆ 2009 ಅಥವಾ 2016ರ ನಿಯಮಾವಳಿ ಅನ್ವಯಿಸುತ್ತದೆ. ಹಿರಿಯ ಸಹೋದ್ಯೋಗಿಯೊಬ್ಬರು "ನಮಗೆ ಇದನ್ನೆಲ್ಲ ಕೇಳಲೇ ಇಲ್ಲ" ಎಂದರೆ ಅವರ ಮಾತು ಸುಳ್ಳಲ್ಲ, ಆದರೆ ನಿಮಗೆ ಅದರಿಂದ ಉಪಯೋಗವಿಲ್ಲ.

ಯುಜಿಸಿ ಹಾಕುವುದು ಹೊರಗಿನ ಬೇಲಿ ಮಾತ್ರ. ಅದರೊಳಗೆ ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ಪಿಎಚ್‌.ಡಿ ನಿಯಮಗಳನ್ನು ಮಾಡಿಕೊಂಡಿರುತ್ತದೆ, ಮತ್ತು ಆ ನಿಯಮಗಳು ಯುಜಿಸಿಯದಕ್ಕಿಂತ ಬಿಗಿಯಾಗಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳು ತಮ್ಮ ಸೆನೆಟ್ ಒಪ್ಪಿದ ನಿಯಮಗಳಂತೆ ನಡೆಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಯೋಗಸ್ಥರಿಗಿರುವ ದಾರಿಗೆ ಬಾಹ್ಯ ನೋಂದಣಿ ಕಾರ್ಯಕ್ರಮ ಎಂಬ ಹೆಸರಿದೆ. ಆದ್ದರಿಂದ ಮೊದಲ ಕೆಲಸ ಇಷ್ಟು: ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಜಾಲತಾಣದಿಂದ ಪಿಎಚ್‌.ಡಿ ನಿಯಮಾವಳಿಯ ಪೂರ್ಣ ಪಠ್ಯವನ್ನು ಇಳಿಸಿಕೊಳ್ಳಿ. ಪ್ರವೇಶ ಪ್ರಕಟಣೆ ಸಾಲದು. ಅದರಲ್ಲಿ ಅರೆಕಾಲಿಕ, ವಾಸ್ತವ್ಯ, ಗರಿಷ್ಠ ಅವಧಿ, ಮರುನೋಂದಣಿ ಎಂಬ ನಾಲ್ಕು ಮಾತುಗಳು ಬರುವ ಕಡೆಯೆಲ್ಲ ಗುರುತು ಹಾಕಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅರೆಕಾಲಿಕ ಬೇರೆ, ದೂರಶಿಕ್ಷಣ ಬೇರೆ. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್‌.ಡಿ ನಡೆಸುವುದಕ್ಕೆ ಯುಜಿಸಿ ನಿಯಮಾವಳಿಯಲ್ಲಿ ಅವಕಾಶವೇ ಇಲ್ಲ. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಎಡ್‌ಟೆಕ್ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್‌.ಡಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಎಚ್ಚರಿಸಿದ್ದವು. 2025ರ ಜನವರಿಯಲ್ಲಿ ಪಿಎಚ್‌.ಡಿ ನಿಯಮಗಳನ್ನು ಪಾಲಿಸದ ಕಾರಣಕ್ಕೆ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಹೊಸ ಪಿಎಚ್‌.ಡಿ ಪ್ರವೇಶ ನೀಡದಂತೆ ಯುಜಿಸಿ ತಡೆಯಿತು. "ಬರಬೇಕಾಗಿಯೇ ಇಲ್ಲ, ವೈವಾಗೆ ಒಮ್ಮೆ ಬಂದರೆ ಸಾಕು" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅರ್ಹತೆಯ ಮಾತು ಸುಲಭದ್ದು: ಸ್ನಾತಕೋತ್ತರ ಪದವಿಯ ಮೇಲೆ ಸೇರುವವರಿಗೆ ಅದರಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡ, ಕೆನೆಪದರವಲ್ಲದ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ 5ರ ರಿಯಾಯಿತಿ ಇದೆ. ಅರೆಕಾಲಿಕರೆಂದು ಇದರಲ್ಲಾಗಲಿ, ಕೋರ್ಸ್‌ವರ್ಕ್‌ನಲ್ಲಾಗಲಿ ವಿನಾಯಿತಿ ಇಲ್ಲ. ಪೂರ್ಣಕಾಲಿಕರು ಪೂರೈಸುವ ಷರತ್ತುಗಳನ್ನೆಲ್ಲ ಅರೆಕಾಲಿಕರೂ ಪೂರೈಸಬೇಕು ಎಂಬುದೇ ನಿಯಮದ ಮೊದಲ ಮಾತು.

ಸಂಸ್ಥೆಯಿಂದ ಪತ್ರ ಪಡೆಯುವುದು

2022ರ ನಿಯಮಾವಳಿಯ ಪ್ರಕಾರ ಅರೆಕಾಲಿಕ ಅಭ್ಯರ್ಥಿಯು ತಾನು ಕೆಲಸ ಮಾಡುವ ಸಂಸ್ಥೆಯ ಸಕ್ಷಮ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ತರಬೇಕು. ಆಡುಮಾತಿನಲ್ಲಿ ನಾವೆಲ್ಲ ಎನ್‌ಒಸಿ ಎನ್ನುವುದು ಇದನ್ನೇ. ಪತ್ರದಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು. ಅಭ್ಯರ್ಥಿಗೆ ಅರೆಕಾಲಿಕವಾಗಿ ಓದಲು ಅನುಮತಿ ಇದೆ ಎಂಬುದು ಮೊದಲನೆಯದು. ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಅವರ ಕರ್ತವ್ಯಗಳು ಅವಕಾಶ ನೀಡುತ್ತವೆ ಎಂಬುದು ಎರಡನೆಯದು. ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು ಎಂಬುದು ಮೂರನೆಯದು.

ನನ್ನ ಪತ್ರದಲ್ಲಿ ಇದ್ದದ್ದು ಮೊದಲನೆಯದು ಮಾತ್ರ. "ಕಚೇರಿ ವೇಳೆಯ ಹೊರಗೆ" ಎಂಬ ಮಾತು ಎರಡನೆಯದನ್ನು ಅಲ್ಲಗಳೆಯುತ್ತಿತ್ತು, "ಅಡಚಣೆಯಾಗದಂತೆ" ಎಂಬುದು ಮೂರನೆಯದನ್ನು. ಮಾನವ ಸಂಪನ್ಮೂಲ ವಿಭಾಗದವರು ಇಂಥ ಪತ್ರ ಬರೆಯುವುದು ದುರುದ್ದೇಶದಿಂದಲ್ಲ. ಪಾಸ್‌ಪೋರ್ಟ್‌ಗೆ, ಸಂಜೆ ಕಾಲೇಜಿಗೆ ಕೊಡುವ ಎನ್‌ಒಸಿಯ ಹಳೆಯ ನಮೂನೆ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಹೆಸರು ಬದಲಿಸಿ ಮುದ್ರಿಸುತ್ತಾರೆ. ಆದ್ದರಿಂದ ಬರಿಗೈಯಲ್ಲಿ ಹೋಗಿ ಎನ್‌ಒಸಿ ಕೇಳಬೇಡಿ. ಕರಡನ್ನು ನೀವೇ ಬರೆದುಕೊಂಡು ಹೋಗಿ. ವಿಶ್ವವಿದ್ಯಾಲಯದ್ದೇ ನಮೂನೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನಾನು ಎರಡನೆಯ ಸಲ ಕೊಟ್ಟ ಕರಡು ಹೆಚ್ಚುಕಡಿಮೆ ಹೀಗಿತ್ತು:

> ನಮ್ಮ ಸಂಸ್ಥೆಯಲ್ಲಿ (ಹುದ್ದೆ) ಆಗಿ (ದಿನಾಂಕ)ದಿಂದ ಕಾಯಂ ಸೇವೆಯಲ್ಲಿರುವ (ಹೆಸರು) ಅವರು (ವಿಶ್ವವಿದ್ಯಾಲಯ)ದ (ವಿಭಾಗ)ದಲ್ಲಿ ಅರೆಕಾಲಿಕವಾಗಿ ಪಿಎಚ್‌.ಡಿ ವ್ಯಾಸಂಗ ಮಾಡಲು ಅನುಮತಿ ನೀಡಲಾಗಿದೆ.
>
> ಅವರ ಕರ್ತವ್ಯದ ಸ್ವರೂಪವು ಸಂಶೋಧನೆಗೆ ಸಾಕಷ್ಟು ಸಮಯ ವಿನಿಯೋಗಿಸಲು ಅವಕಾಶ ನೀಡುತ್ತದೆ.
>
> ಕೋರ್ಸ್‌ವರ್ಕ್ ಪೂರ್ಣಗೊಳಿಸಲು ಹಾಗೂ ವಿಶ್ವವಿದ್ಯಾಲಯದ ವಾಸ್ತವ್ಯದ ಷರತ್ತನ್ನು ಪೂರೈಸಲು ಅಗತ್ಯವಾದಾಗ, ಅವರಿಗೆ ಸಲ್ಲತಕ್ಕ ರಜೆಯ ಮೇಲೆ ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು.

"ಸಲ್ಲತಕ್ಕ ರಜೆಯ ಮೇಲೆ" ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೆ. ಬಿಡುಗಡೆ ಎಂದ ಕೂಡಲೇ ಸಂಬಳ ಸಹಿತ ರಜೆ ಕೇಳುತ್ತಿದ್ದಾರೆ ಎಂದು ಮೇಲಧಿಕಾರಿಗಳು ಗಾಬರಿಯಾಗುತ್ತಾರೆ. ಯಾವ ಖಾತೆಯ ರಜೆ ಎಂಬುದು ಅವರ ಮತ್ತು ನಿಮ್ಮ ನಡುವಿನ ವಿಷಯ. ವಿಶ್ವವಿದ್ಯಾಲಯಕ್ಕೆ ಬೇಕಾಗಿರುವುದು ನೀವು ಬರುತ್ತೀರಿ ಎಂಬ ಖಾತರಿ ಮಾತ್ರ. ಇಷ್ಟು ಸೇರಿಸಿದ ಮೇಲೆ ಹದಿನೈದು ದಿನಗಳಲ್ಲಿ ಸಹಿ ಆಯಿತು.

ಸಹಿ ಯಾರದು ಎಂಬುದೂ ಮುಖ್ಯ. ನಿಮ್ಮ ತಂಡದ ಮ್ಯಾನೇಜರ್ ಸಕ್ಷಮ ಪ್ರಾಧಿಕಾರವಲ್ಲ. ಖಾಸಗಿ ಕಂಪನಿಯಲ್ಲಿ ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಅಧಿಕಾರ ಇರುವವರು, ಕಾಲೇಜಿನಲ್ಲಿ ಪ್ರಾಂಶುಪಾಲರು ಮತ್ತು ಕೆಲವೆಡೆ ಆಡಳಿತ ಮಂಡಳಿಯ ಕಾರ್ಯದರ್ಶಿ, ಸರ್ಕಾರಿ ಇಲಾಖೆಯಲ್ಲಿ ನೇಮಕಾತಿ ಪ್ರಾಧಿಕಾರ ಅಥವಾ ಇಲಾಖಾ ಮುಖ್ಯಸ್ಥರು ಸಹಿ ಮಾಡಬೇಕು. ಸರ್ಕಾರಿ ನೌಕರರ ಕಡತ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಹೋಗಿ ಬರಬೇಕಾಗುತ್ತದೆ. ಅರ್ಜಿಯ ಪ್ರಕಟಣೆ ಬಂದ ಮೇಲೆ ಕಡತ ಹೊರಡಿಸಿದರೆ ಕೊನೆಯ ದಿನಾಂಕದೊಳಗೆ ಅದು ತಿರುಗಿ ಬರುವುದಿಲ್ಲ. ಪ್ರವೇಶ ಪರೀಕ್ಷೆಗೆ ಓದಲು ಕುಳಿತ ದಿನವೇ ಮನವಿಯನ್ನೂ ಕೊಟ್ಟುಬಿಡಿ.

ಎನ್‌ಒಸಿ ಮತ್ತು ಪ್ರಾಯೋಜನ ಪತ್ರವನ್ನು ಒಂದೇ ಎಂದು ತಿಳಿಯಬೇಡಿ. ಐಐಟಿಗಳಂಥ ಕಡೆ ಬಾಹ್ಯ ನೋಂದಣಿಗೆ ಕೇಳುವ ಪ್ರಾಯೋಜನ ಪತ್ರದಲ್ಲಿ ಸಂಸ್ಥೆ ಇನ್ನೂ ಹೆಚ್ಚಿನ ಹೊಣೆ ಹೊರಬೇಕಾಗುತ್ತದೆ. ವಾಸ್ತವ್ಯದ ಅವಧಿಗೆ ಬಿಡುಗಡೆ ಮಾಡುತ್ತೇವೆ ಎನ್ನುವುದರ ಜೊತೆಗೆ, ಸಂಶೋಧನೆಗೆ ಬೇಕಾದ ಪ್ರಯೋಗಾಲಯ ಮತ್ತು ಸಲಕರಣೆ ನಮ್ಮಲ್ಲಿವೆ, ಅವುಗಳನ್ನು ಬಳಸಲು ಕೊಡುತ್ತೇವೆ ಎಂದೂ ಬರೆದುಕೊಡಬೇಕು. ಸಾಮಾನ್ಯವಾಗಿ ನಿಮ್ಮ ಸಂಸ್ಥೆಯೊಳಗಿನ ಪಿಎಚ್‌.ಡಿ ಪಡೆದ ಹಿರಿಯರೊಬ್ಬರು ಸಹ ಮಾರ್ಗದರ್ಶಕರಾಗಿ ನಿಲ್ಲಬೇಕು. ಅಂಥವರು ಯಾರೂ ಇಲ್ಲದ ಕಂಪನಿಯಲ್ಲಿ ನೀವು ಕೆಲಸ ಮಾಡುತ್ತಿದ್ದರೆ, ಅರ್ಜಿ ಶುಲ್ಕ ಕಟ್ಟುವ ಮೊದಲೇ ಆ ವಿಭಾಗಕ್ಕೆ ಪತ್ರ ಬರೆದು ಕೇಳಿಕೊಳ್ಳಿ.

ಇನ್ನೊಂದು ಪತ್ರವನ್ನು ಯಾರೂ ಕೇಳುವುದಿಲ್ಲ, ಆದರೆ ನೀವು ಪಡೆದಿಟ್ಟುಕೊಳ್ಳಲೇಬೇಕು. ಉದ್ಯೋಗಸ್ಥರು ಬಹುತೇಕ ತಮ್ಮ ಕೆಲಸದ ಜಾಗದ್ದೇ ಮಾಹಿತಿಯನ್ನು ಸಂಶೋಧನೆಗೆ ಬಳಸುತ್ತಾರೆ: ಯಂತ್ರಗಳ ದುರಸ್ತಿ ದಾಖಲೆ, ಆಸ್ಪತ್ರೆಯ ಕೇಸ್‌ಶೀಟು, ಬ್ಯಾಂಕಿನ ಸಾಲದ ವಿವರ. ಪದವಿ ಸಿಗುವ ಹೊತ್ತಿಗೆ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್‌ ಕೇಂದ್ರಕ್ಕೆ ಹೋಗುತ್ತದೆ, ಅದರ ಶೋಧಗಂಗಾ ಭಂಡಾರದಲ್ಲಿ ಯಾರು ಬೇಕಾದರೂ ಓದಬಹುದು. ನನ್ನ ಜೊತೆಯ ಸಂಶೋಧಕಿಯೊಬ್ಬರು ನಾಲ್ಕು ವರ್ಷ ಕೂಡಿಸಿದ ಮಾಹಿತಿಯನ್ನು, ಹೊಸದಾಗಿ ಬಂದ ಮುಖ್ಯಸ್ಥರು "ಇದು ಕಂಪನಿಯ ಗೋಪ್ಯ ಮಾಹಿತಿ" ಎಂದು ತಡೆಹಿಡಿದರು. ಹಿಂದಿನ ಮುಖ್ಯಸ್ಥರ ಅನುಮತಿ ಬಾಯಿಮಾತಿನದಾಗಿತ್ತು. ಆ ಸಂಶೋಧಕಿ ಇನ್ನೊಂದು ಕಾರ್ಖಾನೆಯಿಂದ ಮಾಹಿತಿ ಕೂಡಿಸಲು ಮತ್ತೆ ಶುರು ಮಾಡಿದ್ದಾರೆ. ಯಾವ ಮಾಹಿತಿ, ಯಾವ ವರ್ಷಗಳದ್ದು, ಹೆಸರುಗಳನ್ನು ಮರೆಮಾಚಿ ಪ್ರಕಟಿಸಬಹುದೇ ಎಂಬುದನ್ನು ಒಂದು ಪುಟದಲ್ಲಿ ಬರೆಸಿ, ಸಹಿ ಪಡೆದು, ಎನ್‌ಒಸಿಯ ಜೊತೆಗೇ ಇಟ್ಟುಕೊಳ್ಳಿ.

ವಾಸ್ತವ್ಯ ಎಂದರೆ ಎಷ್ಟು ದಿನ?

ವಾಸ್ತವ್ಯದ ಷರತ್ತೆಂದರೆ ಹಾಸ್ಟೆಲ್‌ನಲ್ಲಿ ಇರಬೇಕೆಂದಲ್ಲ. ವಿಭಾಗದಲ್ಲಿ ಅಥವಾ ಸಂಶೋಧನಾ ಕೇಂದ್ರದಲ್ಲಿ ಕನಿಷ್ಠ ಇಷ್ಟು ದಿನ ಹಾಜರಿರಬೇಕು ಎಂದರ್ಥ. ಯುಜಿಸಿ ನಿಯಮಾವಳಿ ಅರೆಕಾಲಿಕರಿಗೆ ಇಂತಿಷ್ಟೇ ದಿನ ಎಂದು ಹೇಳುವುದಿಲ್ಲ, ಅದನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿದೆ. ಐಐಟಿಗಳ ಬಾಹ್ಯ ನೋಂದಣಿಯಲ್ಲಿ ಕೋರ್ಸ್‌ವರ್ಕ್‌ಗಾಗಿ ಒಂದು ಸೆಮಿಸ್ಟರ್ ಅಲ್ಲೇ ಇರಬೇಕೆಂಬುದು ಸಾಮಾನ್ಯ ರೂಢಿ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಒಂದೊಂದರದ್ದು ಒಂದೊಂದು ಲೆಕ್ಕ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಂಥ ಕಡೆ ಸಂಯೋಜಿತ ಕಾಲೇಜುಗಳಲ್ಲೇ ಸಂಶೋಧನಾ ಕೇಂದ್ರಗಳಿರುವುದರಿಂದ, ನಿಮ್ಮ ಊರಿಗೆ ಹತ್ತಿರದ ಕೇಂದ್ರವನ್ನು ಆರಿಸಿಕೊಳ್ಳುವ ಅನುಕೂಲವಿದೆ. ನೌಕರಿಯ ಜೊತೆ ಓದುವವರು ಮಾರ್ಗದರ್ಶಕರ ಹೆಸರಿಗೆ ಕೊಡುವಷ್ಟೇ ತೂಕವನ್ನು ಈ ದೂರಕ್ಕೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ದಿನಗಳ ಸಂಖ್ಯೆ ಏನೇ ಇರಲಿ, ತಪ್ಪಿಸಲಾಗದ ಎರಡು ಹಾಜರಿಗಳು ಎಲ್ಲ ಕಡೆಯೂ ಇವೆ.

ಮೊದಲನೆಯದು ಕೋರ್ಸ್‌ವರ್ಕ್. ಕನಿಷ್ಠ 12 ಕ್ರೆಡಿಟ್. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಕೋರ್ಸ್ ಇದರೊಳಗೇ ಬರುತ್ತದೆ. ಒಂದು ಕ್ರೆಡಿಟ್ ಎಂದರೆ ಸುಮಾರು 15 ಗಂಟೆಯ ಪಾಠ ಎಂದು ಹಿಡಿದರೆ, 12 ಕ್ರೆಡಿಟ್‌ಗೆ 180 ಗಂಟೆ. ಒಂದೇ ಸೆಮಿಸ್ಟರಿನ 15 ವಾರಗಳಲ್ಲಿ ಮುಗಿಸಬೇಕಾದರೆ ವಾರಕ್ಕೆ 12 ಗಂಟೆ, ಅಂದರೆ ವಾರದಲ್ಲಿ ಎರಡು ಪೂರ್ತಿ ದಿನ. ಎರಡು ಸೆಮಿಸ್ಟರಿಗೆ ಹಂಚಲು ವಿಶ್ವವಿದ್ಯಾಲಯ ಒಪ್ಪಿದರೆ ವಾರಕ್ಕೆ ಆರು ಗಂಟೆ, ಒಂದು ದಿನ. ಈ ವ್ಯತ್ಯಾಸ ನೌಕರಿಯಲ್ಲಿರುವವರಿಗೆ ಬಹಳ ದೊಡ್ಡದು. ಸಂದರ್ಶನದ ದಿನವೇ ಕೇಳಿ: ಕೋರ್ಸ್‌ವರ್ಕ್ ಹಂಚಬಹುದೇ, ತರಗತಿಗಳು ಯಾವ ವಾರ, ಹಾಜರಾತಿ ಶೇಕಡಾ ಎಷ್ಟಿರಬೇಕು. ಪರೀಕ್ಷೆಯಲ್ಲಿ ಕನಿಷ್ಠ ಶೇ 55 ಅಂಕ ಅಥವಾ ಅದಕ್ಕೆ ಸಮನಾದ ಗ್ರೇಡ್ ಬರಬೇಕು. ಅದಿಲ್ಲದೆ ಮಹಾಪ್ರಬಂಧ ಸಲ್ಲಿಸುವಂತಿಲ್ಲ.

ನನ್ನ ತರಗತಿಗಳು ಶುಕ್ರವಾರ ಮತ್ತು ಶನಿವಾರ ಇದ್ದವು. ಶನಿವಾರ ನಮ್ಮಲ್ಲಿ ರಜೆ. ಆದ್ದರಿಂದ 15 ಶುಕ್ರವಾರಗಳಿಗೆ ಮಾತ್ರ ರಜೆ ಬೇಕಾಯಿತು. ಅವುಗಳಲ್ಲಿ ಎರಡು ಹಬ್ಬದ ರಜೆಗೆ ಬಿದ್ದವು. ಉಳಿದ 13 ದಿನಗಳ ಪಟ್ಟಿಯನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಬರೆದು, ಒಂದೇ ಅರ್ಜಿಯಲ್ಲಿ ಗಳಿಕೆ ರಜೆ ಮಂಜೂರು ಮಾಡಿಸಿಕೊಂಡೆ. ವಾರವಾರವೂ ಹೋಗಿ ಕೇಳಿದ್ದರೆ ಮೂರನೆಯ ವಾರಕ್ಕೆ ಏನಾದರೊಂದು ತುರ್ತು ಕೆಲಸ ಬಂದೇ ಬರುತ್ತಿತ್ತು. ನನ್ನ ಜೊತೆಗಿದ್ದ ಒಬ್ಬರು ಹಾಗೆಯೇ ನಾಲ್ಕು ವಾರ ತಪ್ಪಿಸಿಕೊಂಡು, ಹಾಜರಾತಿ ಸಾಲದೆ ಇಡೀ ಸೆಮಿಸ್ಟರನ್ನು ಮುಂದಿನ ವರ್ಷ ಮತ್ತೆ ಮಾಡಬೇಕಾಯಿತು.

ಎರಡನೆಯದು ಸಂಶೋಧನಾ ಸಲಹಾ ಸಮಿತಿಯ ಸಭೆ. ಪ್ರತಿ ಸೆಮಿಸ್ಟರಿಗೂ ಒಮ್ಮೆ ಸಮಿತಿಯ ಮುಂದೆ ನಿಂತು ಪ್ರಗತಿ ಹೇಳಬೇಕು. ಪ್ರಗತಿ ತೃಪ್ತಿಕರವಲ್ಲದಿದ್ದರೆ ಸಮಿತಿ ಕಾರಣವನ್ನು ದಾಖಲಿಸಿ ಏನು ಸರಿಪಡಿಸಬೇಕೆಂದು ಸೂಚಿಸುತ್ತದೆ. ಅದನ್ನೂ ಮಾಡದಿದ್ದರೆ ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು. ಸಭೆಗೆ ಬಾರದೆ ಇರುವುದು ಅತೃಪ್ತಿಕರ ಪ್ರಗತಿಗಿಂತ ಕೆಟ್ಟದಾಗಿ ಕಾಣುತ್ತದೆ, ಏಕೆಂದರೆ ಕಡತದಲ್ಲಿ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಮಾಡಿದ್ದು ಕಡಿಮೆ ಇದ್ದರೂ ಹೋಗಿ, ಎರಡು ಪುಟದ ವರದಿ ಕೊಟ್ಟು, ಸಹಿಯಾದ ನಡಾವಳಿಯ ಪ್ರತಿ ಪಡೆದುಕೊಂಡು ಬನ್ನಿ. ಅವಧಿ ವಿಸ್ತರಣೆ ಕೇಳುವ ದಿನ ಈ ಪ್ರತಿಗಳೇ ನಿಮ್ಮ ಪರ ಮಾತನಾಡುತ್ತವೆ.

ಉಳಿದ ವಾಸ್ತವ್ಯದ ದಿನಗಳಿಗೆ ಒಂದು ಸಣ್ಣ ನೋಟ್‌ಪುಸ್ತಕ ಇಡಿ. ದಿನಾಂಕ, ಬಂದ ಹೊತ್ತು, ಮಾಡಿದ ಕೆಲಸ, ಮಾರ್ಗದರ್ಶಕರ ಸಹಿ. ವಿಭಾಗದ ಹಾಜರಿ ಪುಸ್ತಕ ಐದು ವರ್ಷದ ನಂತರ ಎಲ್ಲಿರುತ್ತದೆಂದು ಯಾರೂ ಹೇಳಲಾರರು.

ಕೇಂದ್ರ ಸರ್ಕಾರಿ ನೌಕರರಿಗೆ ಇನ್ನೊಂದು ದಾರಿ ಇದೆ. 1972ರ ರಜೆ ನಿಯಮಗಳ ಅಡಿಯಲ್ಲಿ, ಐದು ವರ್ಷ ಸೇವೆ ಮುಗಿಸಿದವರಿಗೆ ಅಧ್ಯಯನ ರಜೆ ಸಿಗಬಹುದು; ಸಾಮಾನ್ಯವಾಗಿ ಒಮ್ಮೆಗೆ 12 ತಿಂಗಳು, ಇಡೀ ಸೇವೆಯಲ್ಲಿ 24 ತಿಂಗಳು. ವಿಷಯ ನಿಮ್ಮ ಕೆಲಸಕ್ಕೆ ಹತ್ತಿರದ್ದಾಗಿರಬೇಕು, ಮತ್ತು ಹಿಂತಿರುಗಿದ ಮೇಲೆ ನಿಗದಿತ ಅವಧಿ ಸೇವೆ ಸಲ್ಲಿಸುವುದಾಗಿ ಬಾಂಡ್ ಬರೆದುಕೊಡಬೇಕು. ಇದನ್ನು ಕೋರ್ಸ್‌ವರ್ಕ್‌ಗೆ ಬಳಸುವುದು ನನ್ನ ದೃಷ್ಟಿಯಲ್ಲಿ ದುಂದುವೆಚ್ಚ. ಮಹಾಪ್ರಬಂಧ ಬರೆಯುವ ಕಾಲಕ್ಕೆ ಉಳಿಸಿಕೊಳ್ಳಿ. ಬಿಡಿ ಬಿಡಿ ಗಂಟೆಗಳಲ್ಲಿ ಮಾಹಿತಿ ಕೂಡಿಸಬಹುದು, ಆದರೆ ಅಧ್ಯಾಯ ಬರೆಯಲು ಬರುವುದಿಲ್ಲ.

ಗರಿಷ್ಠ ಅವಧಿ: ಕೊನೆಯ ದಿನದಿಂದ ಹಿಂದಕ್ಕೆ ಎಣಿಸುವುದು

ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ; ಎರಡರಲ್ಲೂ ಕೋರ್ಸ್‌ವರ್ಕ್ ಸೇರಿದೆ. ಮರುನೋಂದಣಿ ಮಾಡಿಸಿಕೊಂಡು ಇನ್ನೂ ಎರಡು ವರ್ಷ ಪಡೆಯಬಹುದು, ಒಟ್ಟು ಎಂಟು ವರ್ಷ ಮೀರುವಂತಿಲ್ಲ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೂ ಎರಡು ವರ್ಷದ ಅವಕಾಶವಿದ್ದು, ಒಟ್ಟು ಹತ್ತು ವರ್ಷ ಮೀರಬಾರದು. ಮಹಿಳಾ ಸಂಶೋಧಕರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನೂ ನೀಡಬಹುದು.

ಈ ಗಡಿಯಾರ ಶುರುವಾಗುವುದು ಪ್ರವೇಶ ಪಡೆದ ದಿನದಿಂದ. ವಿಷಯಕ್ಕೆ ಅನುಮೋದನೆ ಸಿಕ್ಕ ದಿನದಿಂದಲ್ಲ, ಕೋರ್ಸ್‌ವರ್ಕ್ ಮುಗಿಸಿದ ದಿನದಿಂದಲೂ ಅಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಒಂದು ವರ್ಷ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಪ್ರವೇಶ ಪತ್ರದ ಮೇಲಿನ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ.

ಒಂದು ಉದಾಹರಣೆ ಹಿಡಿಯೋಣ. ತುಮಕೂರಿನ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದ ಎಂಜಿನಿಯರ್ 2025ರ ಆಗಸ್ಟ್ 1ರಂದು ಬೆಂಗಳೂರಿನಲ್ಲಿ ಪ್ರವೇಶ ಪಡೆದರು ಎಂದುಕೊಳ್ಳಿ. ಆರು ವರ್ಷ ಮುಗಿಯುವುದು 2031ರ ಜುಲೈ 31ಕ್ಕೆ. ಅಲ್ಲಿಂದ ಹಿಂದಕ್ಕೆ ನಡೆಯೋಣ. ಮಹಾಪ್ರಬಂಧ ಸಲ್ಲಿಸಿದ ದಿನದಿಂದ ಆರು ತಿಂಗಳೊಳಗೆ ಮೌಲ್ಯಮಾಪನ ಮತ್ತು ವೈವಾ ಮುಗಿಸಬೇಕೆಂದು ನಿಯಮ ಹೇಳುತ್ತದೆ. ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದಿ ವರದಿ ಕಳಿಸಬೇಕು. ಆದ್ದರಿಂದ ಸಲ್ಲಿಕೆ 2031ರ ಜನವರಿಯೊಳಗೆ ಆಗಬೇಕು. ಅದಕ್ಕೆ ಮೊದಲು ಸಲ್ಲಿಕೆ ಪೂರ್ವ ಮಂಡನೆ, ಅಲ್ಲಿ ಬಂದ ತಿದ್ದುಪಡಿ, ಕೃತಿಚೌರ್ಯ ತಪಾಸಣೆ ಇವಕ್ಕೆ ಮೂರು ತಿಂಗಳು ಬೇಕು. ಅಲ್ಲಿಗೆ 2030ರ ಅಕ್ಟೋಬರ್. ಬರವಣಿಗೆಗೆ ಒಂದು ವರ್ಷ ಇಟ್ಟರೆ 2029ರ ಸೆಪ್ಟೆಂಬರ್‌ಗೆ ಪ್ರಯೋಗ ಅಥವಾ ಮಾಹಿತಿ ಸಂಗ್ರಹ ಮುಗಿದಿರಬೇಕು. ಈಗ ಈ ಕಡೆಯಿಂದ ಬನ್ನಿ: ಕೋರ್ಸ್‌ವರ್ಕ್ 2026ರ ಜುಲೈಗೆ, ಸಂಶೋಧನಾ ಪ್ರಸ್ತಾವಕ್ಕೆ ಒಪ್ಪಿಗೆ ಆ ವರ್ಷದ ಡಿಸೆಂಬರ್‌ಗೆ. ನಡುವೆ ಸಂಶೋಧನೆಗೆಂದೇ ಉಳಿದದ್ದು 2027ರ ಜನವರಿಯಿಂದ 2029ರ ಸೆಪ್ಟೆಂಬರ್‌ವರೆಗೆ, 33 ತಿಂಗಳು.

33 ತಿಂಗಳು ಎಂದರೆ ಬಹಳ ಎನಿಸುತ್ತದೆ. ಆದರೆ ಅದು ಸುಮಾರು 143 ವಾರ. ವಾರಕ್ಕೆ ಪ್ರಾಮಾಣಿಕವಾಗಿ 10 ಗಂಟೆ ಕೊಟ್ಟರೆ 1,430 ಗಂಟೆ. ಪೂರ್ಣಕಾಲಿಕ ಸಂಶೋಧಕರು ವಾರಕ್ಕೆ 40 ಗಂಟೆ ದುಡಿದರೆ ಇಷ್ಟನ್ನು 36 ವಾರಗಳಲ್ಲಿ ಮುಗಿಸುತ್ತಾರೆ. ಅಂದರೆ ನಿಮ್ಮ ಕೈಯಲ್ಲಿರುವುದು ಎಂಟು ತಿಂಗಳ ಪೂರ್ಣಾವಧಿ ಕೆಲಸ, ಅಷ್ಟೇ. ವರ್ಷಕ್ಕೆ 30 ದಿನ ಗಳಿಕೆ ರಜೆ ಇರುವವರು ಅದೆಲ್ಲವನ್ನೂ ದಿನಕ್ಕೆ ಎಂಟು ಗಂಟೆಯಂತೆ ಸಂಶೋಧನೆಗೇ ಬಳಸಿದರೆ ವರ್ಷಕ್ಕೆ 240 ಗಂಟೆ, 33 ತಿಂಗಳಿಗೆ 660 ಗಂಟೆ ಸೇರುತ್ತದೆ. ಆಗಲೂ ಒಟ್ಟು ಸುಮಾರು 2,090 ಗಂಟೆ, ಒಂದು ವರ್ಷದ ಪೂರ್ಣಾವಧಿ ಕೆಲಸಕ್ಕೆ ಸಮ.

ಈ ಲೆಕ್ಕವನ್ನು ಮೊದಲೇ ಮಾಡಿಕೊಂಡವರು ವಿಷಯವನ್ನು ಬೇರೆ ರೀತಿ ಆರಿಸುತ್ತಾರೆ. ಆ ಎಂಜಿನಿಯರ್ "ಕರ್ನಾಟಕದ ಸಣ್ಣ ಕೈಗಾರಿಕೆಗಳಲ್ಲಿ ಗುಣಮಟ್ಟ ನಿರ್ವಹಣೆ" ಎಂದು ಬರೆದುಕೊಟ್ಟರೆ ಹತ್ತಾರು ಕಾರ್ಖಾನೆಗಳನ್ನು ಸುತ್ತಬೇಕು, ಎಂಟು ತಿಂಗಳ ಕೆಲಸಕ್ಕೆ ಅದು ದಕ್ಕುವುದಿಲ್ಲ. ತನ್ನದೇ ಕಾರ್ಖಾನೆಯ ಒಂದು ಉತ್ಪಾದನಾ ಸಾಲಿನಲ್ಲಿ ದಿನವೂ ದಾಖಲಾಗುವ ದೋಷಗಳ ಮಾಹಿತಿಯನ್ನು ಹಿಡಿದು, ಒಂದು ಬಗೆಯ ದೋಷವನ್ನು ಮುಂಚಿತವಾಗಿ ಗುರುತಿಸುವ ವಿಧಾನವನ್ನು ರೂಪಿಸಿದರೆ, ಅವರು ನಿದ್ದೆ ಮಾಡುವಾಗಲೂ ಮಾಹಿತಿ ಕೂಡುತ್ತಿರುತ್ತದೆ. ಮೇಲೆ ಹೇಳಿದ ಮಾಹಿತಿ ಬಳಕೆಯ ಪತ್ರ ಎಷ್ಟು ಮುಖ್ಯ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಕೃತಿಚೌರ್ಯ ತಪಾಸಣೆಯಲ್ಲಿ ತಿಂಗಳುಗಳು ಹೋಗಬಹುದು ಎಂಬುದನ್ನು ಹಲವರು ಎಣಿಸುವುದೇ ಇಲ್ಲ. 2018ರ ಯುಜಿಸಿ ನಿಯಮಗಳ ಪ್ರಕಾರ ಸಾಮ್ಯ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೆ ಗರಿಷ್ಠ ಆರು ತಿಂಗಳು. ಶೇ 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತೆಯೇ ಇಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಪ್ರತಿ ಅಧ್ಯಾಯ ಮುಗಿದಾಗಲೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ತಪಾಸಣೆ ಮಾಡಿಸಿಕೊಂಡರೆ ಕೊನೆಯಲ್ಲಿ ಬೆಚ್ಚಿಬೀಳುವ ಪ್ರಮೇಯ ಬರುವುದಿಲ್ಲ.

ನಡುವೆ ಬದಲಾಗುವವು

ಆರು ವರ್ಷದಲ್ಲಿ ನೌಕರಿ ಬದಲಾಗುತ್ತದೆ. ಹಳೆಯ ಸಂಸ್ಥೆಯ ಎನ್‌ಒಸಿ ಅಲ್ಲಿಗೇ ಮುಗಿಯುತ್ತದೆ. ಹೊಸ ಕೆಲಸದ ಆಹ್ವಾನ ಪತ್ರಕ್ಕೆ ಸಹಿ ಹಾಕುವ ಮೊದಲೇ, ಅರೆಕಾಲಿಕ ಪಿಎಚ್‌.ಡಿ ನಡೆಯುತ್ತಿದೆ, ಇಂಥ ಪತ್ರ ಬೇಕಾಗುತ್ತದೆ ಎಂದು ಬರೆದು ತಿಳಿಸಿ. ಆಗ ಒಪ್ಪುವವರು ಸೇರಿದ ಮೇಲೆ ಒಪ್ಪದೆ ಇರಬಹುದು. ಹೊಸ ಎನ್‌ಒಸಿಯನ್ನು ಕುಲಸಚಿವರ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಸುಮ್ಮನಿದ್ದರೆ ಮಹಾಪ್ರಬಂಧ ಸಲ್ಲಿಸುವ ದಿನ ಯಾವ ಸಂಸ್ಥೆಯ ನೌಕರರೆಂದು ಕೇಳಿದಾಗ ಎರಡು ವರ್ಷದ ಹಿಂದಿನ ಪತ್ರ ತೋರಿಸಬೇಕಾಗುತ್ತದೆ. ಕೆಲಸವನ್ನೇ ಬಿಟ್ಟರೆ ಪೂರ್ಣಕಾಲಿಕಕ್ಕೆ ಬದಲಿಸಿಕೊಳ್ಳಲು ಅನುಮತಿ ಕೇಳಬೇಕು.

ಮಾರ್ಗದರ್ಶಕರ ನಿವೃತ್ತಿಯ ವರ್ಷವನ್ನು ಕೇಳಲು ಸಂಕೋಚಪಡಬೇಡಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಾಲ್ಕು ವರ್ಷ ಉಳಿದಿರುವವರು ತೆಗೆದುಕೊಳ್ಳಬಹುದು, ಆದರೆ ನಿಮಗೆ ಬೇಕಾಗಿರುವುದು ಆರು ವರ್ಷ. ನಿವೃತ್ತಿಯ ನಂತರ ಅವರು 70 ವರ್ಷದವರೆಗೆ ಸಹ ಮಾರ್ಗದರ್ಶಕರಾಗಿ ಮಾತ್ರ ಮುಂದುವರಿಯಬಹುದು. ಆದ್ದರಿಂದ ಕೊನೆಯ ಎರಡು ವರ್ಷಕ್ಕೆ ಹೊಸ ಮಾರ್ಗದರ್ಶಕರು ಬರುತ್ತಾರೆ, ಅವರಿಗೆ ನಿಮ್ಮ ವಿಷಯದಲ್ಲಿ ಆಸಕ್ತಿ ಇರಬೇಕೆಂದೇನಿಲ್ಲ. ಅದೇ ವಿಭಾಗದ ಕಿರಿಯ ಅಧ್ಯಾಪಕರೊಬ್ಬರನ್ನು ಮೊದಲ ವರ್ಷದಲ್ಲೇ ಸಹ ಮಾರ್ಗದರ್ಶಕರಾಗಿ ಸೇರಿಸಿಕೊಳ್ಳುವುದು ಇದಕ್ಕೆ ನಾನು ಕಂಡ ಒಳ್ಳೆಯ ಪರಿಹಾರ.

ಇಷ್ಟೆಲ್ಲ ಮಾಡಿಯೂ ಆರು ವರ್ಷ ಸಾಲದೆ ಹೋಗಬಹುದು. ಎರಡು ವರ್ಷದ ವಿಸ್ತರಣೆ ತಾನಾಗಿ ಸಿಗುವುದಿಲ್ಲ. ಮರುನೋಂದಣಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಆದೇಶ ಪಡೆಯಬೇಕು. ಅವಧಿ ಮುಗಿಯುವುದಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಸಿದ್ಧಪಡಿಸಿ. ನಮ್ಮ ಉದಾಹರಣೆಯ ಎಂಜಿನಿಯರ್‌ಗೆ ಆ ತಿಂಗಳು 2031ರ ಜನವರಿ. ಅರ್ಜಿಯ ಜೊತೆ ಸಲಹಾ ಸಮಿತಿಯ ಎಲ್ಲ ಸಭೆಗಳ ನಡಾವಳಿ, ಮುಗಿದ ಅಧ್ಯಾಯಗಳ ಪಟ್ಟಿ, ಉಳಿದ ಕೆಲಸಕ್ಕೆ ತಿಂಗಳುವಾರು ಯೋಜನೆ, ಮಾರ್ಗದರ್ಶಕರ ಶಿಫಾರಸು ಮತ್ತು ಈಗಿನ ಸಂಸ್ಥೆಯ ಹೊಸ ದಿನಾಂಕದ ಎನ್‌ಒಸಿ ಇರಲಿ. ಮಹಿಳಾ ಸಂಶೋಧಕರು ಹೆರಿಗೆ ಅಥವಾ ಶಿಶುಪಾಲನಾ ರಜೆಯ ಮಂಜೂರಾತಿ ಆದೇಶಗಳನ್ನೂ ಲಗತ್ತಿಸಿ, ಆ ದಿನಗಳನ್ನು ಅವಧಿಯಲ್ಲಿ ಹೇಗೆ ಎಣಿಸುತ್ತೀರಿ ಎಂದು ಅದೇ ಅರ್ಜಿಯಲ್ಲಿ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ.